ಮಗನಿಗೆ ಅಂಗಡಿ ಬೇಕು ಅಂತಾರೆ ಮಾಲೀಕರು, ಬಿಡಲೇಬೇಕಾ?

*ಪ್ರಶ್ನೆ: ಸರ್, ನಾನು ಕಲಬುರಗಿಯ ಶಹಾಬಜಾರದಲ್ಲಿ 2000ನೇ ಇಸವಿಯಿಂದ ಟೇಲರಿಂಗ್ ದುಕಾನ್ ಇಟ್ಟಿದ್ದೇನೆ. ಒಳಗೆ 10 ಅಡಿ ಅಗಲ, 13 ಅಡಿ ಉದ್ದ ಇದೆ. ಆಗ ಕಿರಾಯಿ 500 ಇತ್ತು, ಈಗ 1,800. ಬರೆದ ಕರಾರು ಇಲ್ಲ, ಚೀಟಿ ಮೇಲೆ ಸಹಿ ಮಾಡಿ ಕೊಡುತ್ತಿದ್ದರು. ಹೋದ ವರ್ಷ ಮಾಲೀಕರು 8,000 ಕೊಡು ಅಂತ ವಾಟ್ಸಾಪ್ ಮಾಡಿದ್ದರು, ಆಗಲ್ಲ ಅಂದೆ. ಈಗ ವಕೀಲರ ಕಡೆಯಿಂದ ನೋಟಿಸ್ ಬಂದಿದೆ: ಮಗ ಮೊಬೈಲ್ ರಿಪೇರಿ ಅಂಗಡಿ ಹಾಕುತ್ತಾನೆ, 15 ದಿನದಲ್ಲಿ ಖಾಲಿ ಮಾಡು. ಅದೇ ಸಾಲಿನಲ್ಲಿ ಅವರ ಇನ್ನೊಂದು ಅಂಗಡಿ ದಸರಾದಿಂದ ಬೀಗ ಹಾಕಿಕೊಂಡೇ ಇದೆ. ಎರಡು ತಿಂಗಳಿಂದ ಕಿರಾಯಿ ಸಹ ತೆಗೆದುಕೊಳ್ಳುತ್ತಿಲ್ಲ. ನಾನು ಕೋರ್ಟಿನಲ್ಲಿ ಏನಂತ ತಕರಾರು ಮಾಡಬಹುದು?*

ನೋಟಿಸ್ ಬಂತು ಅಂತ ಹದಿನೈದನೇ ದಿನ ಶೆಟರ್ ಎಳೆದು ಹೋಗಬೇಕಾಗಿಲ್ಲ. ಅದು ವಕೀಲರ ಪತ್ರ, ಕೋರ್ಟಿನ ಆದೇಶ ಅಲ್ಲ. ಆದರೆ ಸುಮ್ನೆ ಮಡಚಿ ಗಲ್ಲಾದಲ್ಲಿ ಇಟ್ಟುಕೊಳ್ಳುವ ಕಾಗದವೂ ಅಲ್ಲ. ಅದಕ್ಕೆ ನೀವು ಕೊಡುವ ಉತ್ತರದ ಮೇಲೆ ಮುಂದಿನ ಕೇಸು ನಿಲ್ಲುತ್ತದೆ. ಉತ್ತರ ಬರೆಸುವ ಮುಂಚೆ ಒಂದು ಕೆಲಸ ಮಾಡಿ. ಒಂದು ಅಳತೆ ಟೇಪು ತಂದು ಅಂಗಡಿಯನ್ನು ಗೋಡೆ ಸಮೇತ ಅಳೆಯಿರಿ. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ರಾಜ್ಯದಲ್ಲಿ ಬಾಡಿಗೆದಾರನಿಗೆ ರಕ್ಷಣೆ ಕೊಡುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಈ ಕಾಯ್ದೆ ಅನ್ವಯಿಸಿದರೆ ಮಾಲೀಕರು ಕಾನೂನಿನಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. 'ನಮಗೇ ಬೇಕು' ಅನ್ನುವುದು ಅಂಥ ಒಂದು ಕಾರಣ. ಅನ್ವಯಿಸದಿದ್ದರೆ ಅವರು ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ತಿಂಗಳ ಬಾಡಿಗೆಯ ಅಂಗಡಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಕೊಟ್ಟು, ಸಿವಿಲ್ ದಾವೆ ಹೂಡಿದರೆ ಸಾಕು. ಅಲ್ಲಿ ಮಗನಿಗೆ ನಿಜವಾಗಿ ಅಂಗಡಿ ಬೇಕೋ ಬೇಡವೋ, ಪಕ್ಕದ ಅಂಗಡಿ ಖಾಲಿ ಇದೆಯೋ ಇಲ್ಲವೋ ಅಂತ ನ್ಯಾಯಾಧೀಶರು ಕೇಳುವುದೇ ಇಲ್ಲ. 'ಅವರ ಅಗತ್ಯ ಸುಳ್ಳು' ಅನ್ನುವ ನಿಮ್ಮ ವಾದಕ್ಕೆ ಬೆಲೆ ಇರುವುದು ಬಾಡಿಗೆ ಕಾಯ್ದೆಯ ಒಳಗೆ ಮಾತ್ರ. ಎಷ್ಟೋ ಜನ ಬಾಡಿಗೆದಾರರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ತಪ್ಪು ಜಾಗದಲ್ಲಿ ಸರಿಯಾದ ವಾದ ಮಾಡಿ ಸೋಲುತ್ತಾರೆ.

ನಿಮ್ಮ ಅಂಗಡಿ ಯಾವ ಕಡೆ ಬೀಳುತ್ತದೆ ಅನ್ನುವುದನ್ನು ಎರಡು ಅಂಕಿಗಳು ತೀರ್ಮಾನಿಸುತ್ತವೆ. ಮೊದಲನೆಯದು ಬಾಡಿಗೆ. ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಕಟ್ಟಡಗಳು ಕಾಯ್ದೆಯಿಂದ ಹೊರಗೆ. ನಿಮ್ಮದು 1,800, ಹಾಗಾಗಿ ಈ ವಿಷಯದಲ್ಲಿ ನೀವು ಒಳಗಿದ್ದೀರಿ. ಅಂದ ಹಾಗೆ, ಹೋದ ವರ್ಷ 8,000ಕ್ಕೆ ಒಪ್ಪಿದ್ದರೆ ಅವರ ವಕೀಲರು ಇದೇ ಮಿತಿಯನ್ನು ಹಿಡಿದು ನಿಮ್ಮನ್ನು ಕಾಯ್ದೆಯಿಂದ ಹೊರಗೆ ಹಾಕಲು ನೋಡುತ್ತಿದ್ದರು.

ಎರಡನೆಯದು ಅಳತೆ. ವಾಸಕ್ಕಲ್ಲದ ಕಟ್ಟಡಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ 14 ಚದರ ಮೀಟರ್ ಮೀರದ ಪ್ಲಿಂತ್ ಏರಿಯಾದ ಸಣ್ಣ ಅಂಗಡಿಗಳಿಗೆ ರಿಯಾಯಿತಿ ಇದೆ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ನಿಮ್ಮ 10 ಗುಣಿಸು 13 ಅಂದರೆ 130 ಚದರ ಅಡಿ, ಅಂದರೆ 12 ಚದರ ಮೀಟರ್ ಚಿಲ್ಲರೆ. ಹಾಗಾದರೆ ಗೆದ್ದೆವು ಅಂದುಕೊಳ್ಳಬೇಡಿ. ಪ್ಲಿಂತ್ ಏರಿಯಾ ಅಂದರೆ ಒಳಗಿನ ಜಾಗ ಅಷ್ಟೇ ಅಲ್ಲ, ಗೋಡೆಯ ದಪ್ಪವೂ ಸೇರುತ್ತದೆ.

ನಿಮ್ಮದು ಸಾಲು ಅಂಗಡಿ, ಎದುರಿಗೆ ಶೆಟರ್, ಹಿಂದೆ ಗೋಡೆ, ಎರಡೂ ಪಕ್ಕ ಬೇರೆ ಅಂಗಡಿಗಳು ಅಂತ ಇಟ್ಟುಕೊಳ್ಳೋಣ. ಗೋಡೆ 9 ಇಂಚಿನ ಇಟ್ಟಿಗೆಯದಾಗಿದ್ದರೆ, ಪಕ್ಕದವರ ಜೊತೆ ಹಂಚಿಕೊಂಡ ಗೋಡೆಗಳಲ್ಲಿ ನಿಮ್ಮ ಪಾಲಿಗೆ ಅರ್ಧರ್ಧ ಹಿಡಿದರೆ ಅಗಲ 10 ಅಡಿ 9 ಇಂಚು ಆಗುತ್ತದೆ. ಹಿಂದಿನ ಗೋಡೆ ಪೂರ್ತಿ ಸೇರಿಸಿದರೆ ಉದ್ದ 13 ಅಡಿ 9 ಇಂಚು. ಗುಣಿಸಿದರೆ ಸುಮಾರು 148 ಚದರ ಅಡಿ, 13.7 ಚದರ ಮೀಟರ್. ಕೂದಲೆಳೆ ಅಂತರದಲ್ಲಿ ಒಳಗೆ. ಆದರೆ ಪಕ್ಕದ ಗೋಡೆಗಳನ್ನೂ ಪೂರ್ತಿ ನಿಮ್ಮ ಲೆಕ್ಕಕ್ಕೇ ಹಾಕಿ ಅಂತ ಮಾಲೀಕರ ವಕೀಲರು ವಾದಿಸಿದರೆ 158 ಚದರ ಅಡಿ ಆಗುತ್ತದೆ, ಅಂದರೆ ಹೊರಗೆ.

ಇನ್ನೊಂದು ಸಾಧ್ಯತೆ ಇದೆ. ಹಳೇ ಕಲಬುರಗಿಯ ಕಟ್ಟಡಗಳಲ್ಲಿ ಶಹಾಬಾದ್ ಕಲ್ಲಿನ ಒಂದೂವರೆ ಅಡಿ ದಪ್ಪದ ಗೋಡೆಗಳು ಜಾಸ್ತಿ. ನಿಮ್ಮದೂ ಅಂಥದ್ದೇ ಆಗಿದ್ದರೆ, ಪಕ್ಕದ ಗೋಡೆಗಳನ್ನು ಅರ್ಧರ್ಧ ಹಿಡಿದರೂ 11 ಅಡಿ 6 ಇಂಚು ಗುಣಿಸು 14 ಅಡಿ 6 ಇಂಚು ಆಗುತ್ತದೆ. ಅದು ಸುಮಾರು 167 ಚದರ ಅಡಿ, 15.5 ಚದರ ಮೀಟರ್. ಒಳಗಿನ ಜಾಗ ಒಂದಿಂಚೂ ಬದಲಾಗದೆ, ಬರೀ ಗೋಡೆ ದಪ್ಪ ಇದ್ದದ್ದಕ್ಕೆ ನಿಮ್ಮ ರಕ್ಷಣೆ ಹೋಯಿತು. ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೂ ಲೆಕ್ಕ ಹೀಗೇ ನಡೆಯುತ್ತದೆ. ಅದಕ್ಕೇ ಟೇಪು ತನ್ನಿ ಅಂದದ್ದು. ಅಳತೆಯ ವಿಷಯದಲ್ಲಿ ಜಗಳ ಬಂದರೆ ಕೋರ್ಟ್ ಕಮಿಷನರ್ ನೇಮಿಸಿ ಅಂತ ಅರ್ಜಿ ಹಾಕಬೇಕು. ಅವರು ಸ್ಥಳಕ್ಕೆ ಬಂದು ಅಳೆದು ನಕ್ಷೆ ಸಮೇತ ವರದಿ ಕೊಡುತ್ತಾರೆ. ಆ ದಿನ ನಿಮ್ಮ ವಕೀಲರೂ ಅಲ್ಲಿರಲಿ. ಯಾವ ಗೋಡೆ ಯಾರದ್ದು, ಎಷ್ಟು ಸೇರಿಸಿದರು ಅನ್ನುವುದನ್ನು ವರದಿಯಲ್ಲಿ ಬರೆಸಬೇಕು. ಬರೀ ಒಟ್ಟು ಮೊತ್ತ ಬರೆದರೆ ಆಮೇಲೆ ಪ್ರಶ್ನೆ ಮಾಡುವುದು ಕಷ್ಟ.

ಮಾಲೀಕರು ಯಾವ ಬಾಗಿಲು ತಟ್ಟುತ್ತಾರೆ ಅನ್ನುವುದನ್ನೂ ಗಮನಿಸಿ. ಬಾಡಿಗೆ ಕಾಯ್ದೆಯ 27ನೇ ಕಲಮಿನಡಿ ಅರ್ಜಿ ಹಾಕಿದರೆ, ಅಂಗಡಿ ಕಾಯ್ದೆಯ ಒಳಗಿದೆ ಅಂತ ಅವರೇ ಹೇಳಿದಂತೆ. ಆಗ ಅಳತೆ ಎತ್ತುವುದು ನಿಮಗೆ ಬೇಕಿಲ್ಲ, ಎತ್ತಲೂಬೇಡಿ. ಸಿವಿಲ್ ದಾವೆ ಹಾಕಿದರೆ ಮಾತ್ರ ನಿಮ್ಮ ಮೊದಲ ತಕರಾರು ಇದೇ ಆಗಬೇಕು: ಇದು 14 ಚದರ ಮೀಟರ್ ಒಳಗಿನ ಅಂಗಡಿ, ಬಾಡಿಗೆ ಮಿತಿಯೊಳಗೆ, ಬರೀ ನೋಟಿಸಿನ ಮೇಲೆ ತೆರವು ಕೇಳುವ ಹಾಗಿಲ್ಲ. ನಿಮಗೆ ಬಂದ ನೋಟಿಸಿನಲ್ಲಿ 15 ದಿನದ ಗಡುವು ಇರುವುದನ್ನು ನೋಡಿದರೆ ಅವರು ಸಿವಿಲ್ ದಾವೆಯ ದಾರಿಯನ್ನೂ ತೆರೆದಿಟ್ಟುಕೊಂಡಂತಿದೆ.

ಈಗ ಅಂಗಡಿ ಒಳಗೇ ಬೀಳುತ್ತದೆ ಅಂದುಕೊಂಡು ಮುಂದೆ ಹೋಗೋಣ. ಅವರ ಅರ್ಜಿ 27ನೇ ಕಲಮಿನ 2ನೇ ಉಪಕಲಮಿನ ಕೊನೆಯ ಕಾರಣಗಳಲ್ಲೊಂದಾದ 'ಆರ್' ಖಂಡದ ಕೆಳಗೆ ಬರುತ್ತದೆ. ಅದು ಕೇಳುವುದು ಎರಡು ವಿಷಯ. ಅಂಗಡಿ ಮಾಲೀಕರಿಗೆ ಅಥವಾ ಅವರ ಕುಟುಂಬದವರಿಗೆ ಬೇಕು. ಮತ್ತು ಅವರಿಗೆ ತಕ್ಕಮಟ್ಟಿಗೆ ಅನುಕೂಲವಾದ ಬೇರೆ ಜಾಗ ಇಲ್ಲ. ಎರಡೂ ಇರಬೇಕು.

ಮೊದಲ ವಿಷಯದಲ್ಲಿ ಕಾನೂನು ಮಾಲೀಕರ ಕಡೆ ವಾಲಿದೆ ಅಂತ ನೇರವಾಗಿ ಹೇಳುತ್ತೇನೆ. ನನಗೋ, ನನ್ನನ್ನು ಅವಲಂಬಿಸಿದ ಕುಟುಂಬದವರಿಗೋ ಬೇಕು ಅಂತ ಅಫಿಡವಿಟ್ ಹಾಕಿದರೆ, ಬೇಕು ಅಂತಲೇ ಕೋರ್ಟ್ ಊಹಿಸಿಕೊಳ್ಳಬೇಕು ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ಹಿಂದಿನ 1961ರ ಕಾಯ್ದೆಯಲ್ಲಿ ಹೀಗಿರಲಿಲ್ಲ. ಆಗ ಮಾಲೀಕರೇ ಮೊದಲಿನಿಂದ ಸಾಬೀತು ಮಾಡಬೇಕಿತ್ತು. ಜೊತೆಗೆ, ಅಂಗಡಿ ಬಿಟ್ಟರೆ ಬಾಡಿಗೆದಾರನಿಗೆ ಆಗುವ ಕಷ್ಟ ಹೆಚ್ಚೋ, ಬಿಡದಿದ್ದರೆ ಮಾಲೀಕನಿಗೆ ಆಗುವ ಕಷ್ಟ ಹೆಚ್ಚೋ ಅಂತ ಕೋರ್ಟ್ ತೂಗಿ ನೋಡುತ್ತಿತ್ತು. ಆ ತೂಕದ ಲೆಕ್ಕ ಹೊಸ ಕಾಯ್ದೆಯಲ್ಲಿ ಇಲ್ಲ. 'ಇಷ್ಟು ವರ್ಷದ ಗಿರಾಕಿಗಳು ಹೋಗುತ್ತಾರೆ, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ' ಅನ್ನುವ ನೋವು ನಿಜ. ಆದರೆ ಅದು ಈಗ ತಕರಾರು ಆಗುವುದಿಲ್ಲ. ಹಳೇ ತೀರ್ಪುಗಳನ್ನು ಓದಿದವರು ಯಾರಾದರೂ ಅದನ್ನೇ ಮುಂದೆ ಮಾಡಿ ಅಂತ ಹೇಳಿದರೆ ಒಪ್ಪಬೇಡಿ.

ಊಹೆ ಅಂದರೆ ತೀರ್ಪಲ್ಲ. ಅದನ್ನು ಮುರಿಯಬಹುದು. ಆದರೆ ಮುರಿಯುವ ಭಾರ ನಿಮ್ಮ ಮೇಲೆ, ಅದೂ ಬರೀ 'ಸುಳ್ಳು' ಅಂದರೆ ಆಗಲ್ಲ. ಸುಪ್ರೀಂ ಕೋರ್ಟ್ 1999ರ ಶಿವ್ ಸರೂಪ್ ಗುಪ್ತಾ ಪ್ರಕರಣದಲ್ಲಿ ಹೇಳಿದ್ದರ ತಿರುಳು ಇಷ್ಟು: ನ್ಯಾಯಾಧೀಶರು ಮಾಲೀಕರ ಕುರ್ಚಿಯಲ್ಲಿ ಕೂತು ನೋಡಬೇಕು, ಆ ಅಗತ್ಯ ಪ್ರಾಮಾಣಿಕವಾಗಿ ಹುಟ್ಟಿದ್ದೋ, ಅಥವಾ ಬಾಡಿಗೆದಾರನನ್ನು ಎಬ್ಬಿಸಲು ಹೆಣೆದ ನೆಪವೋ ಅಂತ ತೀರ್ಮಾನಿಸಬೇಕು. ನೀವು ತೋರಿಸಬೇಕಾದದ್ದು ನೆಪ ಅನ್ನುವುದನ್ನು.

ಮಗನ ಕಡೆಯಿಂದ ದಾಳಿ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. 'ಅವನಿಗೆ ಮೊಬೈಲ್ ರಿಪೇರಿ ಬರಲ್ಲ' ಅಂತ. ಇದು ದುರ್ಬಲ ವಾದ. ಹೊಸ ವ್ಯಾಪಾರ ಶುರು ಮಾಡುವವನಿಗೆ ಮೊದಲೇ ಅನುಭವ ಇರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2009ರ ರಾಮ್ ಬಾಬು ಅಗರ್‌ವಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಮಗ ಈಗ ಎಲ್ಲಿದ್ದಾನೆ ಅನ್ನುವುದು ಬೇರೆ ವಿಷಯ. ಅವನು ಪುಣೆಯಲ್ಲೋ ಹೈದರಾಬಾದಿನಲ್ಲೋ ಕಾಯಂ ಕೆಲಸದಲ್ಲಿದ್ದು, ಅಲ್ಲೇ ಸಂಸಾರ ಹೂಡಿದ್ದರೆ ಅದನ್ನು ಕೇಳಲೇಬೇಕು. ಅಗತ್ಯ ಯಾರದ್ದೋ ಅವನೇ ಸಾಕ್ಷಿ ಕಟ್ಟೆ ಹತ್ತಿದ್ದಾನಾ ನೋಡಿ. ಹತ್ತಲೇಬೇಕು ಅಂತ ನಿಯಮ ಇಲ್ಲ, ತಂದೆಯ ಸಾಕ್ಷಿಯೇ ಸಾಕಾಗಬಹುದು. ಆದರೂ ಇಂಥ ಅನುಮಾನ ಎದ್ದ ಮೇಲೂ ಮಗ ಬಾರದಿದ್ದರೆ ಆ ಖಾಲಿ ಜಾಗ ನಿಮ್ಮ ವಾದಕ್ಕೆ ಬರುತ್ತದೆ.

ನಿಮ್ಮ ಕೇಸಿನ ನಿಜವಾದ ಬಲ ಇರುವುದು ಆ ಬೀಗ ಹಾಕಿದ ಅಂಗಡಿಯಲ್ಲಿ. 'ಬೇರೆ ಅನುಕೂಲವಾದ ಜಾಗ ಇಲ್ಲ' ಅನ್ನುವ ಎರಡನೇ ವಿಷಯಕ್ಕೆ ಅದು ನೇರವಾಗಿ ತಾಗುತ್ತದೆ. ಸಾಮಾನ್ಯವಾಗಿ ಮಾಲೀಕರಿಗೆ ಎರಡು ಜಾಗ ಇದ್ದರೆ ಯಾವುದು ಬೇಕು ಅಂತ ಅವರೇ ಆರಿಸಿಕೊಳ್ಳಬಹುದು, ಬಾಡಿಗೆದಾರ ಅವರಿಗೆ ಪಾಠ ಹೇಳುವ ಹಾಗಿಲ್ಲ ಅಂತಲೇ ಕೋರ್ಟುಗಳು ಹೇಳುತ್ತವೆ. ಆದರೆ ಆರಿಸಿಕೊಂಡದ್ದಕ್ಕೆ ಒಂದು ಕಾರಣವಾದರೂ ಬೇಕು. ಖಾಲಿ ಅಂಗಡಿ ಗಲ್ಲಿಯ ಒಳಗಿದೆ, ನಿಮ್ಮದು ಮುಖ್ಯ ರಸ್ತೆಗೆ ಇದೆ ಅಂದರೆ ಅದು ಒಪ್ಪುವ ಕಾರಣ. ಅದು ಗೋಡೌನು, ಕರೆಂಟಿಲ್ಲ, ಸೋರುತ್ತದೆ ಅಂದರೂ ಒಪ್ಪಬಹುದು. ಆದರೆ ಎರಡೂ ಒಂದೇ ಸಾಲು, ಒಂದೇ ರಸ್ತೆಗೆ ಮುಖ, ಒಂದೇ ಅಳತೆ ಆಗಿದ್ದರೆ, ಅದರಲ್ಲೂ ಅರ್ಜಿಯಲ್ಲಿ ಆ ಖಾಲಿ ಅಂಗಡಿಯ ಮಾತೇ ಎತ್ತದಿದ್ದರೆ, ಮಾಲೀಕರು ಉತ್ತರ ಕೊಡಲು ತಡಕಾಡಬೇಕಾಗುತ್ತದೆ. ಬಚ್ಚಿಟ್ಟರು ಅನ್ನುವುದೇ ನೆಪದ ಗುರುತು.

ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಬೆಲೆ ಇಲ್ಲ. ಮೊದಲು ಮಹಾನಗರ ಪಾಲಿಕೆಯಿಂದ ಆ ಸಾಲಿನ ಖಾತಾ ಪ್ರತಿ ತೆಗೆಸಿ. ಎಷ್ಟು ಅಂಗಡಿ, ಯಾರ ಹೆಸರಲ್ಲಿ ಅಂತ ಗೊತ್ತಾಗುತ್ತದೆ. ಆ ಖಾಲಿ ಅಂಗಡಿ ಮಾಲೀಕರ ಹೆಸರಲ್ಲೇ ಇರಬೇಕು. ಅವರ ತಮ್ಮನ ಪಾಲಿಗೆ ಹೋಗಿದ್ದರೆ ನಿಮ್ಮ ವಾದ ಅಲ್ಲಿಗೇ ನಿಂತುಹೋಗುತ್ತದೆ, ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಖಾಲಿ ಇದ್ದದ್ದಕ್ಕೆ ಜೆಸ್ಕಾಂ ಮೀಟರಿನ ದಾಖಲೆ ಚೆನ್ನಾಗಿ ಮಾತಾಡುತ್ತದೆ. ತಿಂಗಳು ತಿಂಗಳು ಯೂನಿಟ್ ಸೊನ್ನೆ ಅಂತ ಬಿಲ್ಲಿನಲ್ಲಿದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಆ ಬಿಲ್ ನಿಮ್ಮ ಕೈಗೆ ಸಿಗದಿದ್ದರೆ, ದಾಖಲೆ ತರಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಬೀಗ ಹಾಕಿದ ಶೆಟರಿನ ಫೋಟೋ ಆಗಾಗ ತೆಗೆಯುತ್ತಿರಿ. ಅಕ್ಕಪಕ್ಕದ ಅಂಗಡಿಯವರಲ್ಲಿ ಯಾರಾದರೂ ಸಾಕ್ಷಿ ಹೇಳಲು ಒಪ್ಪುತ್ತಾರಾ ಕೇಳಿ. ಒಪ್ಪುವವರು ಕಡಿಮೆ, ಏಕೆಂದರೆ ಅವರೂ ಅದೇ ಮಾಲೀಕರ ಬಾಡಿಗೆದಾರರಿರಬಹುದು.

ಆ ಖಾಲಿ ಅಂಗಡಿಯನ್ನು ಕೇಸು ನಡೆಯುವಾಗ ಅವರು ಬೇರೆಯವರಿಗೆ ಬಾಡಿಗೆ ಕೊಟ್ಟರೆ? ಅದು ನಿಮಗೆ ನಷ್ಟ ಅಲ್ಲ, ಬಲ. ಮಗನಿಗೆ ಅಂಗಡಿ ಬೇಕು ಅಂತ ಅಫಿಡವಿಟ್ ಹಾಕಿದವರು ಕೈಯಲ್ಲಿದ್ದ ಖಾಲಿ ಅಂಗಡಿ ಕೊಟ್ಟುಬಿಟ್ಟರು ಅಂತಾಯಿತು. ತಕ್ಷಣ ನಿಮ್ಮ ವಕೀಲರಿಗೆ ಹೇಳಿ, ಅದನ್ನು ಹೆಚ್ಚುವರಿ ತಕರಾರಾಗಿ ದಾಖಲಿಸಬೇಕು. ಅಗತ್ಯವನ್ನು ಅರ್ಜಿ ಹಾಕಿದ ದಿನಕ್ಕೆ ನೋಡಬೇಕು, ಆಮೇಲಿನ ಬೆಳವಣಿಗೆ ಆ ಅಗತ್ಯವನ್ನು ಪೂರ್ತಿ ಇಲ್ಲವಾಗಿಸುವಷ್ಟು ದೊಡ್ಡದಿದ್ದರೆ ಮಾತ್ರ ಲೆಕ್ಕಕ್ಕೆ ಅಂತ 2001ರ ಗಯಾ ಪ್ರಸಾದ್ ತೀರ್ಪು ಹೇಳುತ್ತದೆ. ಹಾಗಾಗಿ ನಂತರ ಆದದ್ದನ್ನೆಲ್ಲ ತುಂಬಿಸಲು ಹೋಗಬೇಡಿ, ಇಂಥ ಗಟ್ಟಿ ಸಂಗತಿಗೆ ಮಾತ್ರ ಇಟ್ಟುಕೊಳ್ಳಿ.

ಇನ್ನು 8,000 ಕೇಳಿದ ವಾಟ್ಸಾಪ್ ಸಂದೇಶ. ಬಾಡಿಗೆ ಹೆಚ್ಚು ಕೇಳಿದ್ದಷ್ಟರಿಂದ ಅಗತ್ಯ ಸುಳ್ಳಾಗುವುದಿಲ್ಲ. ಹೋದ ವರ್ಷ ಮಗನಿಗೆ ಅಂಗಡಿ ಬೇಕಿರಲಿಲ್ಲ, ಈ ವರ್ಷ ಬೇಕಾಗಿದೆ ಅಂತ ಅವರು ಹೇಳಬಹುದು. ಆದರೆ ಆ ಸಂದೇಶ, ನೀವು ಆಗಲ್ಲ ಅಂದ ದಿನ, ನೋಟಿಸ್ ಬಂದ ದಿನ, ಮತ್ತು ಆ ಹೊತ್ತಿಗೆ ಪಕ್ಕದಲ್ಲಿ ಖಾಲಿ ಬಿದ್ದ ಅಂಗಡಿ, ಇವನ್ನೆಲ್ಲ ತಾರೀಖಿನ ಪ್ರಕಾರ ಒಟ್ಟಿಗೆ ಇಟ್ಟರೆ ನೆಪ ಕಣ್ಣಿಗೆ ಕಾಣುತ್ತದೆ. ಸಂದೇಶ ಇರುವ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಪ್ರಿಂಟ್ ತೆಗೆದು ಕೊಟ್ಟರೆ ಸಾಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವೂ ಜೊತೆಗೆ ಬೇಕು.

ಮಾಲೀಕರ ಪಾಟಿ ಸವಾಲಿನಲ್ಲಿ ನಾನು ನಿಮ್ಮ ವಕೀಲನಾಗಿದ್ದರೆ ಮೊದಲ ಪ್ರಶ್ನೆ ಮಗನ ಬಗ್ಗೆ ಕೇಳುವುದಿಲ್ಲ. ಈ ಸಾಲಿನಲ್ಲಿ ನಿಮ್ಮವು ಎಷ್ಟು ಅಂಗಡಿ ಅಂತ ಶುರು ಮಾಡುತ್ತೇನೆ. ಎಲ್ಲವೂ ಒಂದೇ ಅಳತೆಯಾ? ಎಲ್ಲದಕ್ಕೂ ಒಂದೇ ರಸ್ತೆಯಾ? ದಸರಾಕ್ಕೆ ಖಾಲಿಯಾದ ಅಂಗಡಿಗೆ ಆಮೇಲೆ ಯಾರಾದರೂ ಬಂದಿದ್ದಾರಾ? ಅದಕ್ಕೆ ಎಷ್ಟು ಬಾಡಿಗೆ ಕೇಳುತ್ತಿದ್ದೀರಿ? ಈ ಕೊನೆಯ ಪ್ರಶ್ನೆಗೆ ಅವರು ಒಂದು ಅಂಕಿ ಹೇಳಿದರೆ, ಆ ಅಂಗಡಿ ಮಗನಿಗಲ್ಲ, ಬಾಡಿಗೆಗೆ ಇಟ್ಟಿದ್ದು ಅಂತ ಅವರೇ ಒಪ್ಪಿದಂತೆ. ಮಗನ ಮಾತು ಆಮೇಲೆ. ಯಾವ ಸಾಮಾನು ಎಲ್ಲಿಂದ ತರಿಸುತ್ತಾನೆ, ಬಂಡವಾಳ ಎಷ್ಟು, ಖಾಲಿ ಅಂಗಡಿಯಲ್ಲಿ ಈಗಲೇ ಯಾಕೆ ಶುರು ಮಾಡಲಿಲ್ಲ.

ಕೆಲವು ತಕರಾರುಗಳಲ್ಲಿ ಸಮಯ ಕಳೆಯಬೇಡಿ. 'ನೋಟಿಸ್ ಸರಿಯಿಲ್ಲ' ಅನ್ನುವುದು ಬಾಡಿಗೆ ಕಾಯ್ದೆಯ ಅರ್ಜಿಯಲ್ಲಿ ನಡೆಯುವುದಿಲ್ಲ. 106ನೇ ಕಲಮಿನ ನೋಟಿಸೇ ಅಲ್ಲಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 1979ರಲ್ಲೇ ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ಹೇಳಿದೆ. 'ಇವರು ಮಾಲೀಕರೇ ಅಲ್ಲ' ಅನ್ನುವುದು ಇನ್ನೂ ಅಪಾಯ. ಇಷ್ಟು ವರ್ಷ ಅವರಿಗೇ ಬಾಡಿಗೆ ಕೊಟ್ಟು ಈಗ ಹಾಗನ್ನುವ ಹಾಗಿಲ್ಲ. ಮಾಲೀಕತ್ವವನ್ನು ಸುಮ್ನೆ ಅಲ್ಲಗಳೆದರೆ ಅದು ನಿಮ್ಮ ಮೇಲೇ ತಿರುಗುತ್ತದೆ. ಕರಾರು ಇಲ್ಲ ಅಂತಲೂ ಚಿಂತೆ ಬೇಡ, ಅವರು ಸಹಿ ಮಾಡಿ ಕೊಟ್ಟ ಚೀಟಿಗಳು ನೀವು ಬಾಡಿಗೆದಾರ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಇತ್ತೀಚೆಗೆ ಅಂಗಡಿ ಕೊಂಡ ಹೊಸ ಮಾಲೀಕರಾಗಿದ್ದರೆ ಒಂದು ಗಟ್ಟಿ ತಕರಾರು ಇರುತ್ತಿತ್ತು. ಕೊಂಡ ದಿನದಿಂದ ಒಂದು ವರ್ಷ ಆಗುವವರೆಗೆ ಅವರು ಸ್ವಂತ ಅಗತ್ಯದ ಮೇಲೆ ಅರ್ಜಿ ಹಾಕುವಂತಿಲ್ಲ. ನಿಮ್ಮ ವಿಷಯದಲ್ಲಿ ಅದು ಬರುವುದಿಲ್ಲ ಅನ್ನಿಸುತ್ತದೆ.

ತಂದೆಯ ಹೆಸರಲ್ಲಿದ್ದ ಅಂಗಡಿ ನಡೆಸುತ್ತಿರುವ ಓದುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಡಿಗೆದಾರ ತೀರಿಕೊಂಡರೆ ಅವರ ಜೊತೆ ಅಲ್ಲೇ ದುಡಿಯುತ್ತಾ, ಅವರನ್ನೇ ಅವಲಂಬಿಸಿದ್ದ ವಾರಸುದಾರರಿಗೆ ಈ ಕಾಯ್ದೆಯಲ್ಲಿ ಬಾಡಿಗೆ ಹಕ್ಕು ಬರುವುದು ಐದು ವರ್ಷಕ್ಕೆ ಮಾತ್ರ. ಅಪ್ಪನ ಕಾಲದ ಅಂಗಡಿ ಅಂತ ನೆಚ್ಚಿಕೊಂಡು ಕೂತವರು ಇದನ್ನು ಈಗಲೇ ನೋಡಿಕೊಳ್ಳಬೇಕು.

ನಿಮ್ಮ ಕೇಸಿನಲ್ಲಿ ತುರ್ತಾದ ವಿಷಯ ಒಂದಿದೆ, ಅದು ಆ ಎರಡು ತಿಂಗಳ ಕಿರಾಯಿ. ಮಾಲೀಕರು ಬೇಕಂತಲೇ ಬಾಡಿಗೆ ತೆಗೆದುಕೊಳ್ಳದೆ ಬಿಟ್ಟು, ನಾಳೆ ಬಾಕಿ ಉಳಿಸಿಕೊಂಡಿದ್ದಾನೆ ಅಂತ ಇನ್ನೊಂದು ಕಾರಣ ಜೋಡಿಸುವುದು ಹಳೇ ಉಪಾಯ. ಬಾಕಿ ಬಾಡಿಗೆ ಕೇಳಿ ನೋಟಿಸ್ ಬಂದ ಎರಡು ತಿಂಗಳಲ್ಲಿ ಪೂರ್ತಿ ಕೊಡದಿದ್ದರೆ ಅದೇ ತೆರವಿಗೆ ಪ್ರತ್ಯೇಕ ಕಾರಣ. ಅಷ್ಟೇ ಅಲ್ಲ, ಕೇಸು ದಾಖಲಾದ ಮೇಲೆ ಬಾಕಿಯನ್ನೆಲ್ಲ ಕಟ್ಟಿ, ಮುಂದಿನ ಬಾಡಿಗೆಯನ್ನೂ ತಪ್ಪದೆ ಕಟ್ಟುತ್ತಾ ಹೋಗದಿದ್ದರೆ ತಕರಾರು ಮಾಡುವ ಹಕ್ಕೇ ನಿಮಗೆ ಉಳಿಯುವುದಿಲ್ಲ. ಖಾಲಿ ಅಂಗಡಿ, ವಾಟ್ಸಾಪ್, ಮೀಟರ್ ಬಿಲ್, ಯಾವುದನ್ನೂ ಕೋರ್ಟ್ ಕೇಳುವುದೇ ಇಲ್ಲ. 1,800 ರೂಪಾಯಿಯ ಒಂದು ಕಂತು ತಪ್ಪಿ ಇಡೀ ಕೇಸು ಹೋಗಬಹುದು. ಹಾಗಾಗಿ ಈ ವಾರವೇ ಎರಡೂ ತಿಂಗಳ ಹಣವನ್ನು ಮನಿಆರ್ಡರ್ ಮಾಡಿ. ತಿರಸ್ಕರಿಸಿದರೆ ವಾಪಸ್ ಬಂದ ಕಾಗದವನ್ನು ಜೋಪಾನವಾಗಿಡಿ. ಅವರ ಬ್ಯಾಂಕ್ ಖಾತೆ ಗೊತ್ತಿದ್ದರೆ ಅಲ್ಲಿಗೇ ಹಾಕಿ, ಯಾವ ತಿಂಗಳ ಬಾಡಿಗೆ ಅಂತ ಬರೆಯಿರಿ. ಅದೂ ಆಗದಿದ್ದರೆ ಬಾಡಿಗೆ ನಿಯಂತ್ರಕರ ಬಳಿ ಠೇವಣಿ ಇಡಲು ಕಾಯ್ದೆಯಲ್ಲೇ ದಾರಿ ಇದೆ, ನಿಮ್ಮ ವಕೀಲರನ್ನು ಕೇಳಿ.

ಸಮನ್ಸ್ ಬಂದರೆ ಅದರಲ್ಲಿ ಬರೆದ ದಿನಾಂಕ ನೋಡಿ ಅದೇ ವಾರ ವಕೀಲರ ಹತ್ತಿರ ಹೋಗಿ. ತೆಗೆದುಕೊಳ್ಳದೆ ವಾಪಸ್ ಕಳಿಸುವುದು ಜಾಣತನ ಅಲ್ಲ, ಗೈರುಹಾಜರಿಯಲ್ಲಿ ಆದೇಶ ಆಗುತ್ತದೆ. ಇನ್ನೊಂದು ವಿಷಯ: ಸಾಕ್ಷಿಗಳನ್ನೆಲ್ಲ ಮೊದಲ ಕೋರ್ಟಿನಲ್ಲೇ ಮುಗಿಸಬೇಕು. ಮೇಲೆ ಹೋದರೆ ಸಿಗುವುದು ರಿವಿಷನ್, ಪೂರ್ತಿ ಅಪೀಲು ಅಲ್ಲ. ಸಾಕ್ಷ್ಯವನ್ನು ಮತ್ತೆ ಮೊದಲಿನಿಂದ ತೂಗುವ ಕೆಲಸ ರಿವಿಷನ್ನಿನಲ್ಲಿ ಇಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ನಮ್ಮ ಊರಲ್ಲೇ ಹೈಕೋರ್ಟ್ ಪೀಠ ಇದೆ, ಅಲ್ಲಿ ನೋಡಿಕೊಳ್ಳೋಣ ಅಂತ ಇಲ್ಲಿ ಸಡಿಲ ಬಿಟ್ಟವರಿಗೆ ಅಲ್ಲೇನೂ ಸಿಗುವುದಿಲ್ಲ.

ಈ ನಡುವೆ ರಾತ್ರಿ ಬಂದು ಬೇರೆ ಬೀಗ ಹಾಕಿದರೆ, ಕರೆಂಟ್ ಕಿತ್ತರೆ ಹೆದರಬೇಡಿ. ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಡಿ, ಆಮೇಲೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಜಾಗ ವಾಪಸ್ ಕೇಳಬಹುದು, ಆದರೆ ಆರು ತಿಂಗಳೊಳಗೆ ದಾವೆ ಹಾಕಬೇಕು.

ಕೊನೆಗೆ ನನ್ನ ಅಭಿಪ್ರಾಯ ಕೇಳಿದರೆ, ಅಂಗಡಿ 14 ಚದರ ಮೀಟರ್ ಒಳಗಿದ್ದು, ಖಾಲಿ ಅಂಗಡಿ ನಿಜವಾಗಿ ಮಾಲೀಕರದ್ದೇ ಆಗಿ, ಎರಡೂ ಒಂದೇ ಥರ ಇದ್ದರೆ ಹೋರಾಡಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ರಾಜಿಗೆ ಕೂರುವುದು ಮೇಲು. ಮಾಲೀಕರಿಗೂ ಕೇಸು ವರ್ಷಗಟ್ಟಲೆ ಎಳೆಯುವುದು ಬೇಕಿಲ್ಲ, ಆ ಮಾತು ನಿಮ್ಮ ಕಡೆ ಇದೆ. ಖಾಲಿ ಅಂಗಡಿಯನ್ನೇ ನಿಮಗೆ ಸ್ವಲ್ಪ ಹೆಚ್ಚಿನ ಬಾಡಿಗೆಗೆ ಕೇಳಬಹುದು. ಅದರಿಂದ ಅವರ ಅಗತ್ಯ ಎಷ್ಟು ನಿಜ ಅನ್ನುವುದೂ ಗೊತ್ತಾಗುತ್ತದೆ. ಇಲ್ಲದಿದ್ದರೆ ಖಾಲಿ ಮಾಡಲು ಒಂದು ವರ್ಷದ ಸಮಯ, ಡಿಪಾಸಿಟ್ ವಾಪಸ್, ಅಲ್ಲಿಯವರೆಗೆ ಹಳೇ ಬಾಡಿಗೆ ಅಂತ ಕೇಳಿ. ಯಾವುದೇ ಆದರೂ ಹೊರಗೆ ಚೀಟಿ ಮೇಲೆ ಬರೆಯಬೇಡಿ, ಕೋರ್ಟಿನಲ್ಲೇ ರಾಜಿ ಅರ್ಜಿ ಹಾಕಿ ಆದೇಶ ಮಾಡಿಸಿ.

ಆ ರಾಜಿ ಅರ್ಜಿಯಲ್ಲಿ ಒಂದು ಸಾಲು ತಪ್ಪದೆ ಸೇರಿಸಬೇಕು. 27(2)ರ ಆರ್ ಖಂಡದ ಪ್ರಕಾರ ಮಗನ ಸ್ವಂತ ವ್ಯಾಪಾರಕ್ಕೆ ಬೇಕು ಅನ್ನುವ ಕಾರಣಕ್ಕೆ ಬಿಟ್ಟುಕೊಡುತ್ತಿದ್ದೇನೆ ಅಂತ ಬರೆಸಿ. ಸ್ವಂತಕ್ಕೆ ಅಂತ ಬಿಡಿಸಿಕೊಂಡ ಅಂಗಡಿಯನ್ನು ಕಾಯ್ದೆ ಹೇಳಿದ ಅವಧಿಯೊಳಗೆ ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಬಾಡಿಗೆ ಕೊಟ್ಟರೆ, ಅಥವಾ ಬಳಸದೆ ಬಿಟ್ಟರೆ, ಬಿಟ್ಟುಕೊಟ್ಟ ಬಾಡಿಗೆದಾರ ಮತ್ತೆ ಜಾಗ ಅಥವಾ ಪರಿಹಾರ ಕೇಳಬಹುದು. ಆದರೆ ಆ ಹಕ್ಕು ಸ್ವಂತ ಅಗತ್ಯದ ಆದೇಶಕ್ಕೆ ಅಂಟಿಕೊಂಡಿರುವಂಥದ್ದು. 'ಇಬ್ಬರೂ ಒಪ್ಪಿದ್ದಾರೆ' ಅಂತ ಮಾತ್ರ ಬರೆದ ರಾಜಿಯಲ್ಲಿ ಕಾರಣ ಕಾಣುವುದಿಲ್ಲ, ಆರು ತಿಂಗಳಾದ ಮೇಲೆ ಅಲ್ಲಿ ಬೇರೆಯವರ ಬೋರ್ಡು ನೇತಾಡಿದರೆ ನಿಮ್ಮ ವಕೀಲರಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ.